ಡಿಡಿ ಕೊಡ್ತೇನೆ ಅಂತ ಹೇಳಿ ನೋಡಿ: ನಕಲಿ ಏರ್‌ಪೋರ್ಟ್ ಕೆಲಸ ಹಿಡಿದ ನನ್ನ ಅನುಭವ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನನ್ನದೊಂದು ಸಣ್ಣ ಆನ್‌ಲೈನ್ ಸೆಂಟರ್ ಉಂಟು. ನಿಮ್ಮಲ್ಲೂ ತುಂಬಾ ಜನ ಇದೇ ಕೆಲಸದವರು, ಹಾಗಾಗಿ ಅರ್ಜಿ ತುಂಬಿಸುವುದು ಹೇಗೆ ಅಂತ ಹೇಳಲು ಹೋಗುವುದಿಲ್ಲ. "ಕೆಲಸ ಸಿಕ್ಕಿದೆ, ಹಣ ಕಳಿಸಿ ಕೊಡಿ" ಅಂತ ಮಕ್ಕಳು ಮೊಬೈಲ್ ಹಿಡಿದು ಬರುತ್ತಾರಲ್ವಾ, ಆಗ ಐದೇ ನಿಮಿಷದಲ್ಲಿ ಅಸಲಿಯೋ ನಕಲಿಯೋ ನೋಡುವ ಒಂದು ದಾರಿ ನನಗೆ ಸಿಕ್ಕಿದೆ. ಎದುರಿನ ಅಂಗಡಿಯವರು "ಇದೆಲ್ಲ ಆಗುವ ಹೋಗುವ ಮಾತಲ್ಲ" ಅಂದಿದ್ದರು. ಈಗ ಅವರೇ ಜನರನ್ನು ನನ್ನ ಹತ್ತಿರ ಕಳಿಸುತ್ತಾರೆ.

ಮೊದಲು ಸೋತದ್ದನ್ನು ಹೇಳುತ್ತೇನೆ. ಸುಮಾರು ಮೂರು ವರ್ಷದ ಹಿಂದೆ ಪಕ್ಕದ ಮನೆಯ ಅಕ್ಕನ ಮಗಳಿಗೆ ಮಂಗಳೂರು ಏರ್‌ಪೋರ್ಟಿನಲ್ಲಿ ಗ್ರೌಂಡ್ ಸ್ಟಾಫ್ ಕೆಲಸ ಅಂತ ವಾಟ್ಸಾಪಿನಲ್ಲಿ ಲೆಟರ್ ಬಂತು. ಲೋಗೋ, ಸೀಲ್, ಸಹಿ ಎಲ್ಲ ಸರಿ ಇತ್ತು. ನಾನೇ ನೋಡಿ "ಒಳ್ಳೆಯದೇ ಇರಬೇಕು ಅಕ್ಕ" ಅಂದೆ. ರಿಜಿಸ್ಟ್ರೇಷನ್ ಅಂತ 1,550 ಕಳಿಸಿದೆವು. ನಾಲ್ಕು ದಿನ ಬಿಟ್ಟು ಯೂನಿಫಾರ್ಮಿಗೆ 4,200 ಬೇಕು ಅಂದರು. ಆಮೇಲೆ ಗೇಟ್ ಪಾಸಿಗೆ 9,800, ಅದೂ ವಾಪಸ್ ಕೊಡುವ ಡೆಪಾಸಿಟ್ ಅಂತೆ. ಅಕ್ಕ ಕುಟುಂಬಶ್ರೀ ಸಂಘದಿಂದ ಸಾಲ ತೆಗೆದು ಕೊಟ್ಟರು. ನಂತರ ನಂಬರ್ ಸ್ವಿಚ್ ಆಫ್. ಸೈಬರ್ ಮೋಸದ ದೂರು ತೆಗೆದುಕೊಳ್ಳುವ ಸಹಾಯವಾಣಿ 1930ಕ್ಕೆ ನಾವು ಕರೆ ಮಾಡಿದ್ದು ಮೂರನೇ ದಿನ, ಅಷ್ಟು ಹೊತ್ತಿಗೆ ಆ ಖಾತೆಯಲ್ಲಿ ಏನೂ ಉಳಿದಿರಲಿಲ್ಲ. ಹದಿನೈದೂವರೆ ಸಾವಿರ ಹೋಯಿತು. ಆ ಅಕ್ಕ ನನಗೆ ಒಂದು ಮಾತೂ ಬಯ್ಯಲಿಲ್ಲ. ಅದೇ ನನಗೆ ಜಾಸ್ತಿ ಕಷ್ಟ ಆದದ್ದು.

ಗೇಟ್ ಪಾಸಿನ ವಿಷಯ ನನಗೆ ಆಮೇಲೆ ಗೊತ್ತಾಯಿತು. ಏರ್‌ಪೋರ್ಟಿನ ಒಳಗೆ ಹೋಗುವ ಪಾಸನ್ನು ಕೊಡುವುದು ಬಿಸಿಎಎಸ್ ಅನ್ನುವ ಕೇಂದ್ರದ ಭದ್ರತಾ ಇಲಾಖೆ. ಕೆಲಸ ಕೊಟ್ಟ ಕಂಪನಿ ತನ್ನ ನೌಕರರ ಪರವಾಗಿ ಅರ್ಜಿ ಹಾಕಬೇಕು, ಪೊಲೀಸ್ ತನಿಖೆಯೂ ಆಗಬೇಕು. ಕೆಲಸಕ್ಕೆ ಸೇರುವ ಮೊದಲೇ ಹುಡುಗಿಯೊಬ್ಬಳ ಹತ್ತಿರ ಗೂಗಲ್ ಪೇಯಲ್ಲಿ ಪಾಸಿನ ಹಣ ಕೇಳುವ ಕ್ರಮವೇ ಇಲ್ಲ.

ಇಷ್ಟಾದ ಮೇಲೆ ನಾನೊಂದು ನಿಯಮ ಮಾಡಿಕೊಂಡೆ: ಹಣ ಕೇಳಿದರೆ ನಕಲಿ, ಮುಗಿಯಿತು. ನಮ್ಮ ಊರಿನಲ್ಲಿ ಈ ನಿಯಮ ಸರಿ ಅನಿಸುತ್ತದೆ, ಯಾಕೆಂದರೆ ಕೇರಳ ಪಿಎಸ್‌ಸಿ ಅರ್ಜಿಗೆ ಒಂದು ಪೈಸೆ ತೆಗೆದುಕೊಳ್ಳುವುದಿಲ್ಲ. ಆದರೆ ನಮ್ಮ ಕನ್ನಡದ ಮಕ್ಕಳು ಗಡಿಯ ಆಚೆಗೂ ಅರ್ಜಿ ಹಾಕುತ್ತಾರೆ. ಕರ್ನಾಟಕದ ಕೆಪಿಎಸ್‌ಸಿಗೆ ಶುಲ್ಕ ಉಂಟು, ಕೇಂದ್ರ ಸರ್ಕಾರದ ಕೆಲಸಕ್ಕೆ ಪರೀಕ್ಷೆ ಮಾಡುವ ಎಸ್‌ಎಸ್‌ಸಿಗೂ 100 ರೂಪಾಯಿ ಉಂಟು. ಈ ನಿಯಮದಿಂದಲೇ ನಾನು ಎರಡನೇ ತಪ್ಪು ಮಾಡಿದೆ. ಪೆರ್ಲ ಕಡೆಯ ಒಬ್ಬ ಹುಡುಗ ಎಐ ಏರ್‌ಪೋರ್ಟ್ ಸರ್ವಿಸಸ್ ಅನ್ನುವ ಸರ್ಕಾರಿ ಕಂಪನಿಯ ವಾಕ್-ಇನ್ ನೋಟಿಸ್ ತಂದ. ಅದರಲ್ಲಿ 500 ರೂಪಾಯಿ ಅರ್ಜಿ ಶುಲ್ಕ ಅಂತ ಇತ್ತು. ಏರ್‌ಪೋರ್ಟ್ ಅಂತ ಕಂಡ ಕೂಡಲೇ ನಾನು "ಮೋಸ, ಹೋಗಬೇಡ ಮಾರಾಯ" ಅಂದೆ. ಅವನು ಹೋಗಲಿಲ್ಲ. ನೋಟಿಸ್ ಅಸಲಿ ಆಗಿತ್ತು. ಅವನ ಕ್ಲಾಸಿನವನೇ ಒಬ್ಬ ಹೋಗಿ ಕೆಲಸಕ್ಕೆ ಸೇರಿದ. ಹಣ ಕಳೆದವರದ್ದು ಲೆಕ್ಕಕ್ಕೆ ಬರುತ್ತದೆ, ಹೀಗೆ ಕೆಲಸ ತಪ್ಪಿದವರದ್ದು ಯಾರ ಲೆಕ್ಕದಲ್ಲೂ ಇರುವುದಿಲ್ಲ.

ಆ ನೋಟಿಸನ್ನು ಮನೆಗೆ ತಂದು ಎರಡು ಮೂರು ಸಲ ಓದಿದೆ. ಆಗ ಕಣ್ಣಿಗೆ ಬಿದ್ದದ್ದು ಒಂದು ಸಾಲು. ಆ 500 ರೂಪಾಯಿಯನ್ನು ಕಂಪನಿಯ ಹೆಸರಿಗೆ ಬ್ಯಾಂಕಿನಲ್ಲಿ ಡಿಡಿ, ಅಂದರೆ ಡಿಮಾಂಡ್ ಡ್ರಾಫ್ಟ್, ಮಾಡಿಸಿ ತರಬೇಕು ಅಂತ. ಅಲ್ಲಿಂದ ನನ್ನ ದಾರಿ ಶುರುವಾಯಿತು. ಡಿಡಿಯಲ್ಲಿ ಹೆಸರು ಬರೆದಿರುತ್ತದೆ. ಆ ಹೆಸರಿನ ಖಾತೆ ಇಲ್ಲದವನಿಗೆ ಅದು ಬರೀ ಕಾಗದ. ಮೋಸ ಮಾಡುವವರು ಇಟ್ಟುಕೊಳ್ಳುವುದು ಬಾಡಿಗೆಗೆ ತೆಗೆದುಕೊಂಡ ಬೇರೆಯವರ ಖಾತೆಗಳನ್ನು, ಲೆಟರಿನಲ್ಲಿ ಹಾಕುವುದು ದೊಡ್ಡ ಕಂಪನಿಯ ಹೆಸರನ್ನು. ಈ ಎರಡು ಹೆಸರು ಒಂದಾಗುವುದು ತೀರಾ ಅಪರೂಪ. ಅದಕ್ಕೇ ನಾನೀಗ ಲೆಟರಿನ ಚಂದ ನೋಡುವುದಿಲ್ಲ, ಹಣ ಯಾರ ಹೆಸರಿಗೆ ಹೋಗುತ್ತದೆ ಅಂತ ಮಾತ್ರ ನೋಡುತ್ತೇನೆ.

ಕಳೆದ ಮಳೆಗಾಲದ ಒಂದು ಕೇಸ್ ಪೂರ್ತಿ ಹೇಳುತ್ತೇನೆ. ಮುಳ್ಳೇರಿಯದಿಂದ ಒಬ್ಬ ಬಂದ. ಡಿಗ್ರಿ ಮುಗಿದಿದೆ, ಕಣ್ಣೂರು ಏರ್‌ಪೋರ್ಟಿನಲ್ಲಿ ಕೆಲಸ, ಸಂಬಳ 26 ಸಾವಿರದ ಚಿಲ್ಲರೆ, ಇಂಟರ್‌ವ್ಯೂ ಇಲ್ಲ, ಇವತ್ತು ಸಂಜೆ ಐದರೊಳಗೆ 1,850 ಕಟ್ಟಬೇಕು. ಕ್ಯೂಆರ್ ಕೋಡ್ ಬಂದಿತ್ತು. ಅದನ್ನು ನನ್ನ ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿ ಪಿನ್ ಕೇಳುವ ಮೊದಲೇ ನಿಂತೆ. ಮೇಲೆ ಒಬ್ಬ ಹೆಂಗಸಿನ ಹೆಸರು ಬಂತು. ಮೊದಲು ಆಪ್‌ನಲ್ಲಿ ಅವರೇ ಇಟ್ಟುಕೊಂಡ ಹೆಸರೂ ಕಾಣುತ್ತಿತ್ತು. 2025ರ ಜೂನ್ ಕೊನೆಯಿಂದ ಬ್ಯಾಂಕಿನಲ್ಲಿರುವ ಹೆಸರನ್ನೇ ತೋರಿಸಬೇಕು ಅಂತ ಯುಪಿಐ ನಡೆಸುವ ಎನ್‌ಪಿಸಿಐ ನಿಯಮ ಮಾಡಿದೆ. ನಮಗೆ ಇದು ದೊಡ್ಡ ಉಪಕಾರ.

ಹುಡುಗ ಒಪ್ಪಲಿಲ್ಲ. "ಅಣ್ಣ, ಅವರು ಅಕೌಂಟೆಂಟ್ ಆಗಿರಬಹುದಲ್ವಾ?" ಅಂದ. ಸರಿ ಅಂತ ಅವನಿಂದಲೇ ಮೆಸೇಜ್ ಹಾಕಿಸಿದೆ, ಕ್ಯೂಆರ್ ಕೆಲಸ ಮಾಡುತ್ತಿಲ್ಲ, ಬ್ಯಾಂಕ್ ಖಾತೆ ಕೊಡಿ ಅಂತ. ಎರಡು ನಿಮಿಷದಲ್ಲಿ ಖಾತೆ ನಂಬರ್ ಬಂತು, ಐಎಫ್‌ಎಸ್‌ಸಿಯೂ ಬಂತು. ಐಎಫ್‌ಎಸ್‌ಸಿಯಲ್ಲಿ ಹನ್ನೊಂದು ಅಕ್ಷರ. ಮೊದಲ ನಾಲ್ಕು ಬ್ಯಾಂಕ್, ಐದನೆಯದು ಸೊನ್ನೆ, ಉಳಿದ ಆರು ಶಾಖೆ. ಹುಡುಕಿದರೆ ಉತ್ತರದ ಕಡೆಯ ಒಂದು ಸಣ್ಣ ಊರಿನ ಶಾಖೆ. ಅರ್ಧ ಗಂಟೆ ಬಿಟ್ಟು ನನ್ನ ಇನ್ನೊಂದು ನಂಬರಿನಿಂದ ಅದೇ ಕೆಲಸಕ್ಕೆ ನಾನೂ ಕೇಳಿದೆ. ನನಗೆ ಬಂದದ್ದು ಬೇರೆಯೇ ಖಾತೆ, ಬೇರೆ ಬ್ಯಾಂಕ್. ಒಂದೇ ಕಂಪನಿ ಒಂದೇ ಶುಲ್ಕವನ್ನು ಒಂದೇ ದಿನ ಇಬ್ಬರ ಹತ್ತಿರ ಎರಡು ಖಾತೆಗೆ ಕಟ್ಟಿಸಿಕೊಳ್ಳುತ್ತದಾ?

ಅವರ ವೆಬ್‌ಸೈಟನ್ನೂ ನೋಡಿದೆವು. ಸೈಟ್ ಹೆಸರು ಯಾವಾಗ ನೋಂದಣಿ ಆದದ್ದು ಅಂತ ತೋರಿಸುವ lookup.icann.org ನಲ್ಲಿ ಹಾಕಿದರೆ Created ಅನ್ನುವ ಕಡೆ ಇದ್ದ ದಿನಾಂಕಕ್ಕೆ ಇನ್ನೂ ಇಪ್ಪತ್ತು ದಿನ ಆಗಿರಲಿಲ್ಲ. ಆದರೆ ಇದನ್ನೊಂದನ್ನೇ ನಂಬಬೇಡಿ. ಹಳೆಯ ಸೈಟ್ ಹೆಸರು ಖರೀದಿ ಮಾಡಿ ಮೋಸ ಮಾಡಿದ್ದನ್ನೂ ಕಂಡಿದ್ದೇನೆ. ತೀರಾ ಹೊಸದಾದರೆ ಸಂಶಯಪಡಿ, ಹಳೆಯದಾದರೆ ಅದು ಯಾವುದಕ್ಕೂ ಸಾಕ್ಷಿ ಅಲ್ಲ.

ಕೊನೆಗೆ ಡಿಡಿ. ಹುಡುಗನೇ ಕರೆ ಮಾಡಿದ, ಸ್ಪೀಕರ್ ಹಾಕಿದ. "ಕಂಪನಿ ಹೆಸರಿಗೆ ಡಿಡಿ ಮಾಡಿಸಿದ್ದೇನೆ, ನಾಳೆ ಏರ್‌ಪೋರ್ಟ್ ಇರುವ ಮಟ್ಟನ್ನೂರಿಗೆ ಬಂದು ಆಫೀಸಿನಲ್ಲಿ ಕೊಡ್ತೇನೆ" ಅಂದ. ಆ ಕಡೆಯವನು ಮೊದಲು ಡಿಡಿ ಸಿಸ್ಟಮ್ ಬಂದ್ ಆಗಿದೆ ಅಂದ. ಮತ್ತೆ ಆಫೀಸಿಗೆ ಬಂದರೆ ಸೀಟ್ ಕ್ಯಾನ್ಸಲ್ ಅಂದ. ಆಮೇಲೆ 1,850 ಬೇಡ, 900 ಈಗಲೇ ಹಾಕು ಅಂದ. ಶುಲ್ಕ ಅರ್ಧ ಆದದ್ದು ಕೇಳಿ ಹುಡುಗನಿಗೇ ಅರ್ಥ ಆಯಿತು, ನಾನು ಏನೂ ಹೇಳಬೇಕಾಗಲಿಲ್ಲ. ನಾವು "ಮೋಸ" ಅಂದರೆ ಮಕ್ಕಳಿಗೆ ಸಿಟ್ಟು ಬರುತ್ತದೆ, ತಮ್ಮ ಕಿವಿಯಲ್ಲೇ ಕೇಳಿದರೆ ನಂಬುತ್ತಾರೆ. ಡಿಡಿಯನ್ನು ನಿಜವಾಗಿ ಮಾಡಿಸಬೇಕಂತ ಇಲ್ಲ, ಬಾಯಲ್ಲಿ ಹೇಳಿದರೆ ಸಾಕು.

ಡಿಡಿ ಮಾತಿನ ನಂತರ ಕೇಳುವ ಇನ್ನೊಂದು ಪ್ರಶ್ನೆ ನನ್ನ ಹತ್ತಿರ ಉಂಟು. ಅದಕ್ಕೆ ಇದುವರೆಗೆ ಒಬ್ಬನೂ ಸರಿಯಾದ ಉತ್ತರ ಕೊಟ್ಟಿಲ್ಲ. ಅದನ್ನು ಇಲ್ಲಿ ಬರೆಯುವುದಿಲ್ಲ, ಅವರೂ ಓದುತ್ತಾರೆ. ನಮ್ಮ ಕೆಲಸದವರು ಅಂಗಡಿಗೆ ಬಂದರೆ ಹೇಳಿಕೊಡುತ್ತೇನೆ.

ನಡುವೆ ಒಂದು ಪ್ರಯೋಗವನ್ನೂ ಮಾಡಿದೆ. ಹೊಸ ಈಮೇಲ್ ಮಾಡಿ 61 ವರ್ಷ, ಏಳನೇ ಕ್ಲಾಸ್, ಎಡಗಣ್ಣು ಕಾಣುವುದಿಲ್ಲ ಅಂತ ಬಯೋಡಾಟಾ ಬರೆದು ಇಂಥ ಎಂಟೋ ಒಂಬತ್ತೋ ಕಡೆ ಕಳಿಸಿದೆ. ಆರು ಕಡೆಯಿಂದ "ಸೆಲೆಕ್ಟ್ ಆಗಿದ್ದೀರಿ" ಅಂತ ಬಂತು, ಒಂದು ಕಡೆಯಿಂದ ಇಪ್ಪತ್ತೇ ನಿಮಿಷದಲ್ಲಿ. ಅವರು ಬಯೋಡಾಟಾ ಓದುವುದೇ ಇಲ್ಲ. ತುಂಬಾ ಹಟ ಮಾಡುವವರಿಗೆ ನಾನೀಗ ಈ ಸೆಲೆಕ್ಷನ್ ಲೆಟರುಗಳ ಪ್ರಿಂಟ್ ತೋರಿಸುತ್ತೇನೆ. ತಮ್ಮ ಲೆಟರಿನ ಪಕ್ಕದಲ್ಲಿಟ್ಟು ನೋಡಿ ಸುಮ್ಮನಾಗುತ್ತಾರೆ.

ಎರಡು ವರ್ಷದಲ್ಲಿ ನನ್ನ ನೋಟ್ ಪುಸ್ತಕದಲ್ಲಿ ಸುಮಾರು ಎಪ್ಪತ್ತು ಲೆಟರ್ ದಾಖಲಾಗಿವೆ. ಡಿಡಿಗೆ ಒಪ್ಪಿದವರು ಮೂರೇ ಜನ, ಮೂರೂ ಅಸಲಿ. ಒಬ್ಬರು ಮಾತ್ರ ನನ್ನ ಮಾತು ಕೇಳದೆ 6,000 ಕಳಿಸಿ, ಆಮೇಲೆ ಓಡಿ ಬಂದರು. ಗಂಟೆಯೊಳಗೆ 1930ಕ್ಕೆ ಕರೆ ಹೋಯಿತು, ಹಣ ಕಳಿಸಿದ್ದಕ್ಕೆ ಬ್ಯಾಂಕ್ ಕೊಡುವ ಯುಟಿಆರ್ ನಂಬರ್ ಕೈಯಲ್ಲೇ ಇತ್ತು, ಹಣ ಆ ಖಾತೆಯಲ್ಲೇ ತಡೆಯಾಯಿತು. ವಾಪಸ್ ಸಿಗಲು ಐದಾರು ತಿಂಗಳು ಓಡಾಡಿದರು, ಆದರೂ ಸಿಕ್ಕಿತು. ಪಕ್ಕದ ಮನೆಯ ಅಕ್ಕನದ್ದು ಮೂರು ದಿನ, ಇವರದ್ದು ಒಂದು ಗಂಟೆ.

ಈ ದಾರಿ ನಡೆಯದ ಕಡೆಯೂ ಉಂಟು. ಸರ್ಕಾರಿ ಪೋರ್ಟಲುಗಳು ಹೆಚ್ಚಾಗಿ ಆನ್‌ಲೈನಿನಲ್ಲೇ ಶುಲ್ಕ ತೆಗೆದುಕೊಳ್ಳುತ್ತವೆ, ಅಲ್ಲಿ ಡಿಡಿ ಮಾತು ಬರುವುದಿಲ್ಲ. ಅಲ್ಲಿ ನಾನು ಮಾಡುವುದು ಇಷ್ಟೇ, ಕಳಿಸಿದ ಲಿಂಕ್ ಒತ್ತುವುದಿಲ್ಲ, ಇಲಾಖೆಯ ಸೈಟಿನ ವಿಳಾಸವನ್ನು ನಾನೇ ಟೈಪ್ ಮಾಡಿ ಅಲ್ಲಿಂದ ಅರ್ಜಿಗೆ ಹೋಗುತ್ತೇನೆ.

ನನಗೆ ಈಗ ಜಾಸ್ತಿ ತಲೆಬಿಸಿ ಹಣವನ್ನೇ ಕೇಳದವರದ್ದು. ಅವರಿಗೆ ಬೇಕಾದದ್ದು ಆಧಾರ್, ಪಾನ್, ಪಾಸ್‌ಬುಕ್ಕಿನ ಮೊದಲ ಪುಟ ಮತ್ತು ಆಧಾರ್ ಕೈಯಲ್ಲಿ ಹಿಡಿದ ಒಂದು ಸೆಲ್ಫಿ. ಕುಂಬಳೆಯ ಒಬ್ಬಳು ಹುಡುಗಿ ಇಂಟರ್‌ವ್ಯೂಗೆ ಮೊದಲೇ ಎಲ್ಲವನ್ನೂ ಕಳಿಸಿದ್ದಳು. sancharsaathi.gov.in ನಲ್ಲಿ ಅವಳ ಹೆಸರಿನ ಸಿಮ್ ಎಷ್ಟು ಅಂತ ನೋಡಿದೆವು. ಅವಳ ಹತ್ತಿರ ಇದ್ದದ್ದು ಒಂದು, ಅಲ್ಲಿ ಕಂಡದ್ದು ಮೂರು. ಎರಡನ್ನೂ "ನನ್ನ ನಂಬರ್ ಅಲ್ಲ" ಅಂತ ಗುರುತು ಹಾಕಿ ಕಳಿಸಿದೆವು, ಆಧಾರಿನ ಬಯೋಮೆಟ್ರಿಕ್ ಲಾಕ್ ಮಾಡಿದೆವು. ಈಗ ಯಾರಾದರೂ ದಾಖಲೆ ಕಳಿಸಲೇಬೇಕು ಅಂದರೆ ಕೊನೆಯ ನಾಲ್ಕು ಅಂಕೆ ಮಾತ್ರ ಕಾಣುವ ಮಾಸ್ಕ್ ಮಾಡಿದ ಆಧಾರನ್ನೇ ಕೊಡುತ್ತೇನೆ. ಅದರ ಮೇಲೆ ಅಡ್ಡಕ್ಕೆ ಕಂಪನಿಯ ಹೆಸರು, ದಿನಾಂಕ, "ಈ ಕೆಲಸದ ಅರ್ಜಿಗೆ ಮಾತ್ರ" ಅಂತ ಪೆನ್ನಿನಲ್ಲಿ ಬರೆದು ಸ್ಕ್ಯಾನ್ ಮಾಡುತ್ತೇನೆ. ಹೀಗೆ ಬರೆದದ್ದು ಬೇಡ, ಖಾಲಿ ಕಾಪಿಯೇ ಬೇಕು ಅಂತ ಹಟ ಮಾಡಿದವರು ಇಲ್ಲಿಯವರೆಗೆ ನಾಲ್ಕು ಜನ. ನಾಲ್ಕಕ್ಕೂ ನಾನು ಕಳಿಸಲಿಲ್ಲ. ಇದು ಡಿಡಿಯ ಹಾಗೆ ಗಟ್ಟಿ ಪರೀಕ್ಷೆ ಅಂತ ಹೇಳಲು ನಾಲ್ಕು ಸಾಲದು, ಇನ್ನೊಂದು ಮೂವತ್ತಾದರೂ ನೋಡಬೇಕು. ಪುಸ್ತಕದಲ್ಲಿ ಅದಕ್ಕೆ ಬೇರೆ ಪುಟ ಬಿಟ್ಟಿದ್ದೇನೆ.