ನೀರಿನ ಕ್ಯಾನ್ ಎಣಿಸಿ ಕೇಸ್ ಇಂಟರ್‌ವ್ಯೂ ಗೆದ್ದಿದ್ದು

ಮೂರು ಸಲ ಫೇಲಾಗಿ ನಾಲ್ಕನೇ ಸಲ ಪಾಸಾದೆ. "ಬೀದೀಲಿ ನಿಂತು ಕ್ಯಾನ್ ಎಣಿಸಿದ್ರೆ ಕನ್ಸಲ್ಟಿಂಗ್ ಕೆಲಸ ಸಿಗುತ್ತಾ?" ಅಂತ ನಕ್ಕಿದ್ದ ರೂಮ್‌ಮೇಟ್ ಈಗ ನಾನು ಲೆಕ್ಕ ಬರೆದಿಟ್ಟ ನೋಟ್‌ಬುಕ್ ಕೇಳುತ್ತಿದ್ದಾನೆ. ಅವನಿಗೆ ಹೇಳಿದ್ದನ್ನೇ ಇಲ್ಲೂ ಬರೆಯುತ್ತಿದ್ದೇನೆ. ಕೇಸ್ ಇಂಟರ್‌ವ್ಯೂ ಅಂದರೆ ಒಂದು ವ್ಯಾಪಾರದ ಸಮಸ್ಯೆಯನ್ನೋ ಅಂದಾಜಿನ ಪ್ರಶ್ನೆಯನ್ನೋ ಕೊಟ್ಟು, ಎದುರಿಗೇ ಲೆಕ್ಕ ಹಾಕಿ ಬಿಡಿಸಿ ಅನ್ನುತ್ತಾರೆ.

ಮೊದಲು ದುಡ್ಡಿನ ವಿಷಯ. ಆನ್‌ಲೈನ್ ಕೋಚಿಂಗಿಗೆ ಸುಮಾರು 38 ಸಾವಿರ ಕಟ್ಟಿದೆ. ಅದರ ಮೇಲೆ ಮಾಕ್ ಇಂಟರ್‌ವ್ಯೂ ನಾಲ್ಕು, ಒಂದೊಂದಕ್ಕೆ ಎರಡೂವರೆ ಸಾವಿರ. ಬಂದಿದ್ದು ಹತ್ತು ಹನ್ನೆರಡು ಫ್ರೇಮ್‌ವರ್ಕ್‌ಗಳ, ಅಂದರೆ ಸಮಸ್ಯೆ ಬಿಡಿಸುವ ಸಿದ್ಧ ಚೌಕಟ್ಟುಗಳ ಪಿಡಿಎಫ್. ಬಾಯಿಪಾಠ ಮಾಡಿದೆ. ಅದೇ ನನ್ನನ್ನು ಮುಳುಗಿಸಿತು.

ಮೊದಲ ಇಂಟರ್‌ವ್ಯೂನಲ್ಲಿ ಬೆಂಗಳೂರಲ್ಲಿ ದಿನಕ್ಕೆ ಎಷ್ಟು ಅರ್ಧ ಲೀಟರ್ ಹಾಲಿನ ಪ್ಯಾಕೆಟ್ ಹೋಗುತ್ತೆ ಅಂತ ಕೇಳಿದರು. ಜನಸಂಖ್ಯೆ 1.4 ಕೋಟಿ ಅಂದುಕೊಂಡೆ. ಸ್ಟೈಲಾಗಿ ಇರಲಿ ಅಂತ ಅದನ್ನು ಮಿಲಿಯನ್ ಮಾಡಲು ಹೋಗಿ, 14 ಮಿಲಿಯನ್ ಬದಲು 140 ಮಿಲಿಯನ್ ಬರೆದೆ. ಇಬ್ಬರಿಗೊಂದು ಪ್ಯಾಕೆಟ್ ಅಂತ 70 ಮಿಲಿಯನ್ ಉತ್ತರ ಕೊಟ್ಟೆ. ಎದುರಿಗಿದ್ದವರು ಸುಮ್ನೆ ಕೇಳಿದರು, "ಅಂದ್ರೆ ಒಬ್ಬರಿಗೆ ಎಷ್ಟಾಯ್ತು?" ಹಸುಗೂಸಿನಿಂದ ಅಜ್ಜಿ ತನಕ ತಲೆಗೆ ಐದು ಪ್ಯಾಕೆಟ್! ಅಲ್ಲಿಗೆ ಮುಗಿಯಿತು. ಅವತ್ತಿನಿಂದ ಲೆಕ್ಕವೆಲ್ಲ ಲಕ್ಷ, ಕೋಟಿಯಲ್ಲೇ. ಮಿಲಿಯನ್ ಬೇಕಂದರೆ ಕೊನೇ ಸಾಲಿನಲ್ಲಿ ಮಾತ್ರ. ಉತ್ತರ ಹೇಳುವ ಮುಂಚೆ ಅದನ್ನು ತಲೆಗೆ ಅಥವಾ ಮನೆಗೆ ಭಾಗಿಸಿ ನೋಡುತ್ತೇನೆ. ಹೆಚ್ಚಾದ ಸೊನ್ನೆ ಅಲ್ಲಿ ಸಿಕ್ಕಿಬೀಳುತ್ತೆ.

ಎರಡನೆಯದು ಹೋಟೆಲ್ ಕೇಸ್. ಒಂದು ದರ್ಶಿನಿಯ ಮಾರಾಟ ಏರಿದೆ, ಲಾಭ ಇಳಿದಿದೆ, ಯಾಕೆ? ನಾನು ಪೋರ್ಟರ್‌ನ ಐದು ಶಕ್ತಿಗಳು ಅನ್ನೋ, ಇಡೀ ಉದ್ಯಮದ ಪೈಪೋಟಿ ಅಳೆಯುವ ಫ್ರೇಮ್‌ವರ್ಕ್‌ನಿಂದ ಶುರು ಮಾಡಿದೆ. ಅವರು ಗಡಿಯಾರ ನೋಡಿದರು.

ಆಮೇಲೆ ಊರಿಗೆ ಹೋದಾಗ ಇದನ್ನೇ ಮಾವನಿಗೆ ಕೇಳಿದೆ. ಅವರದ್ದೂ ಚಿಕ್ಕ ಹೋಟೆಲ್. "ಅಳಿಯಂದ್ರೆ, ಪಾರ್ಸಲ್ ಎಷ್ಟು ಹೋಗ್ತಿದೆ ಕೇಳು ಮೊದ್ಲು" ಅಂದರು. ಗಲ್ಲಾ ಪಕ್ಕ ಕೂತು ಲೆಕ್ಕ ಬರೆದೆವು. ಮುಂಚೆ ದಿನಕ್ಕೆ 900 ಬಿಲ್, ಸರಾಸರಿ 50 ರೂಪಾಯಿ, ಒಟ್ಟು 45 ಸಾವಿರ. ಈಗ ಕೌಂಟರಿನಲ್ಲಿ 750, ಡೆಲಿವರಿ ಆಪ್‌ನಲ್ಲಿ 250, ಒಟ್ಟು 50 ಸಾವಿರ. ಐದು ಸಾವಿರ ಜಾಸ್ತಿ, ಅಲ್ವಾ? ಹೆಚ್ಚಾದ ನೂರು ಬಿಲ್ಲಿಗೆ ಸಾಮಾನಿನ ಖರ್ಚು 20 ರೂಪಾಯಿಯಂತೆ ಎರಡು ಸಾವಿರ. ಆಪ್ ಕಮಿಷನ್ ಕಾಲು ಭಾಗ ಅಂದರೂ ಮೂರು ಸಾವಿರದ ಮೇಲೆ. ಡಬ್ಬಿ, ಕವರ್ ಎಂಟು ರೂಪಾಯಿ ಅಂದರೆ ಇನ್ನೆರಡು ಸಾವಿರ. ಐದು ಬಂತು, ಏಳು ಹೋಯಿತು. ಅಂದರೆ ಆಪ್‌ನ 250ರಲ್ಲಿ ಹೊಸ ಗಿರಾಕಿ ನೂರೇ. ಉಳಿದ 150 ಜನ ಕೌಂಟರಿಗೆ ಬರುತ್ತಿದ್ದವರು, ಮನೆಯಲ್ಲೇ ಕೂತು ತರಿಸಿಕೊಳ್ಳುತ್ತಿದ್ದಾರೆ.

ಆದಾಯ, ಖರ್ಚು ಅಂತ ಎರಡು ಕೊಂಬೆ ಬರೆದು ನಿಲ್ಲಿಸಿದ್ದರೆ ಇದು ಸಿಗುತ್ತಿರಲಿಲ್ಲ. ಆದಾಯವನ್ನು ಗಿರಾಕಿ ಬರುವ ದಾರಿಯ ಮೇಲೆ ಒಡೆದಿದ್ದಕ್ಕೆ ಸಿಕ್ಕಿತು. ಒಡೆದ ಭಾಗಗಳು ಮೀಸಿ ಆಗಿರಬೇಕು ಅಂತ ಎಲ್ಲರೂ ಹೇಳುತ್ತಾರೆ, ಅಂದರೆ ಒಂದರ ಮೇಲೊಂದು ಬೀಳಬಾರದು, ಏನೂ ಬಿಟ್ಟುಹೋಗಬಾರದು ಅಂತ. ಸರಿ. ಆದರೆ ಬೆಳಗ್ಗೆ–ಸಂಜೆ ಅಂತ ಒಡೆದರೂ ಅದು ಮೀಸಿಯೇ, ಇಲ್ಲಿ ಉಪಯೋಗಕ್ಕೆ ಬರಲ್ಲ. ಎರಡೂ ಕಡೆ ಒಂದು ಪ್ಲೇಟಿಗೆ ಉಳಿಯುವ ದುಡ್ಡು ಬೇರೆ ಬೇರೆ ಆಗುವ ಜಾಗದಲ್ಲಿ ಒಡೆಯಬೇಕು. ಆ ಜಾಗ ಬೇಗ ಹುಡುಕೋಕೆ ನಾನು ಕೇಳುವ ಎರಡು ಪ್ರಶ್ನೆಗಳಿವೆ. ಅವನ್ನು ಇಲ್ಲಿ ಬರೆಯಲ್ಲ, ಅದು ನನ್ನ ಗುಟ್ಟು!

ಈಗ ಕ್ಯಾನ್ ಕಥೆ. ಬೆಂಗಳೂರಲ್ಲಿ 20 ಲೀಟರ್ ನೀರಿನ ಕ್ಯಾನಿನ ಮಾರುಕಟ್ಟೆ ಎಷ್ಟು? ಯಾರೂ ಕೇಳಿರಲಿಲ್ಲ, ನಾನೇ ಹಾಕಿಕೊಂಡ ಪ್ರಶ್ನೆ. 2011ರ ಗಣತಿಯಲ್ಲಿ ಪಾಲಿಕೆ ವ್ಯಾಪ್ತಿಯಲ್ಲಿ 84 ಲಕ್ಷ ಜನ. ಈಗಿನದು ಸುತ್ತಲಿನದ್ದೂ ಸೇರಿ 1.4 ಕೋಟಿ ಇಟ್ಟುಕೊಂಡೆ. ಮನೆಗೆ ನಾಲ್ಕು ಜನ ಅಂದರೆ 35 ಲಕ್ಷ ಮನೆ. ಮೊದಲು ಬಡವರು, ಮಧ್ಯಮ, ಶ್ರೀಮಂತರು ಅಂತ ಒಡೆದಿದ್ದೆ. ಪ್ರಯೋಜನ ಆಗಲಿಲ್ಲ, ಯಾಕಂದರೆ ಕ್ಯಾನ್ ತರಿಸೋದು ಮೂವರೂ ಇದ್ದಾರೆ. ಕುಡಿಯುವ ನೀರು ಎಲ್ಲಿಂದ ಅನ್ನೋದರ ಮೇಲೆ ಒಡೆದಾಗ ಸರಿಹೋಯಿತು. ಮನೆಯಲ್ಲೇ ಪ್ಯೂರಿಫೈಯರ್ ಇರುವವರು, ನಾಣ್ಯ ಹಾಕಿ ಶುದ್ಧ ನೀರಿನ ಘಟಕದಿಂದ ಹಿಡಿದು ತರುವವರು, ಕಾವೇರಿ ನೀರು ಕಾಯಿಸಿ ಕುಡಿಯುವವರು, ಉಳಿದವರು ಕ್ಯಾನ್. ಕ್ಯಾನಿಗೆ ಐದರಲ್ಲಿ ಒಂದು ಮನೆ ಕೊಟ್ಟೆ, ಏಳು ಲಕ್ಷ. ಕುಡಿಯೋಕೆ, ಅಡುಗೆಗೆ ಸೇರಿ ದಿನಕ್ಕೆ ಎಂಟು ಲೀಟರ್ ಅಂದರೆ ಒಂದು ಕ್ಯಾನ್ ಎರಡೂವರೆ ದಿನ. ಹಾಗಾಗಿ ಮನೆಗಳಿಗೆ ದಿನಕ್ಕೆ 2.8 ಲಕ್ಷ ಕ್ಯಾನ್. ಆಫೀಸು, ಅಂಗಡಿ, ಪಿಜಿ ಎಲ್ಲ ಸೇರಿ ಇನ್ನೊಂದು 90 ಸಾವಿರ. ಒಟ್ಟು 3.7 ಲಕ್ಷ. ಕ್ಯಾನಿಗೆ 40 ರೂಪಾಯಿಯಂತೆ ದಿನಕ್ಕೆ ಒಂದೂವರೆ ಕೋಟಿ, ವರ್ಷಕ್ಕೆ ಸುಮಾರು 540 ಕೋಟಿ.

ಕೋಚಿಂಗಿನಲ್ಲಿ ಇಲ್ಲಿಗೆ ನಿಲ್ಲಿಸುತ್ತಿದ್ದರು. ನಾನು ಇನ್ನೊಂದು ತುದಿಯಿಂದಲೂ ಬಂದೆ. ನಮ್ಮ ಬೀದಿಗೆ ಕ್ಯಾನ್ ಹಾಕುವ ಅಣ್ಣನನ್ನು ಕೇಳಿದೆ. ಚಿಕ್ಕ ಗೂಡ್ಸ್ ಗಾಡಿ, ಒಂದು ಟ್ರಿಪ್ಪಿಗೆ 70ರಿಂದ 75 ಕ್ಯಾನ್, ದಿನಕ್ಕೆ ಎರಡು ಟ್ರಿಪ್. ಅಂದರೆ ಗಾಡಿಗೆ 150. ನನ್ನ ಲೆಕ್ಕ ನಿಜವಾಗಬೇಕಾದರೆ ಊರಲ್ಲಿ ಸುಮಾರು 2,500 ಗಾಡಿ ಇರಬೇಕು. ಹಳೆಯ 198 ವಾರ್ಡಿಗೆ ಹಂಚಿದರೆ ವಾರ್ಡಿಗೆ 12–13. ಎರಡು ದಿನ ಬೆಳಗ್ಗೆ ಟೀ ಅಂಗಡಿ ಮುಂದೆ ನಿಂತು ನಮ್ಮ ಏರಿಯಾದಲ್ಲಿ ಎಣಿಸಿದೆ. ಒಂಬತ್ತು ಬೇರೆ ಬೇರೆ ಗಾಡಿ ಸಿಕ್ಕವು. 9ಕ್ಕೂ 13ಕ್ಕೂ ವ್ಯತ್ಯಾಸ ಇದೆ, ನಿಜ. ಆದರೆ ಎಣಿಕೆ 90 ಅಂತಲೂ ಬರಲಿಲ್ಲ, 1 ಅಂತಲೂ ಬರಲಿಲ್ಲ. ಅಂದಾಜಿಗೆ ಅಷ್ಟು ಸಾಕು. ಖರ್ಚು ಟೀಗೆ 60 ರೂಪಾಯಿ.

ಎಣಿಸುವ ಹುಚ್ಚು ಹತ್ತಿ ಇನ್ನೊಂದು ಪ್ರಯೋಗ ಮಾಡಿದೆ. ದರ್ಶಿನಿಯಲ್ಲಿ ಹತ್ತು ನಿಮಿಷ ಜನ ಎಣಿಸಿ ಇಡೀ ದಿನಕ್ಕೆ ಗುಣಿಸಿದೆ. ಮೂರು ಸಾವಿರ ಬಂತು! ನಾನು ನಿಂತಿದ್ದು ಬೆಳಗ್ಗೆ ಎಂಟೂವರೆಗೆ, ಮೂರು ಗಂಟೆಗೆ ಹೋದರೆ ನೊಣ ಓಡಿಸುತ್ತಿರುತ್ತಾರೆ. ಆಮೇಲೆ ಯಾವ ಲೆಕ್ಕದಲ್ಲೂ ಜೋರಿನ ಹೊತ್ತು, ಖಾಲಿ ಹೊತ್ತು ಬೇರೆ ಮಾಡುತ್ತೇನೆ.

ಮೂರನೇ ಇಂಟರ್‌ವ್ಯೂ ಬಗ್ಗೆ ಹೇಳುವಂಥದ್ದೇನಿಲ್ಲ, ಗಾಬರಿ ಅಷ್ಟೇ. ನಾಲ್ಕನೆಯದರಲ್ಲಿ ಬಂದಿದ್ದು ಬೆಂಗಳೂರಲ್ಲಿ ಗಂಡಸರ ಸಲೂನ್ ಎಷ್ಟಿವೆ ಅನ್ನೋ ಪ್ರಶ್ನೆ. 70 ಲಕ್ಷ ಗಂಡಸರು, ಆರೂವರೆ ವಾರಕ್ಕೊಮ್ಮೆ ಕಟಿಂಗ್, ವಾರಕ್ಕೆ ಸುಮಾರು 11 ಲಕ್ಷ. ದಿನದ ಲೆಕ್ಕ ಬಿಟ್ಟು ವಾರದ್ದು ಯಾಕೆ ಅಂತ ಕೇಳಿದರು. ಮಂಗಳವಾರ ಸುಮಾರು ಸಲೂನ್ ಬಾಗಿಲು ಹಾಕುತ್ತವೆ, ಭಾನುವಾರ ಕೂರೋಕೆ ಜಾಗ ಇರಲ್ಲ ಅಂದೆ. ಅಂಗಡಿಗೆ ವಾರಕ್ಕೆ 100 ಕಟಿಂಗ್, ಅದರಲ್ಲಿ ಭಾನುವಾರವೇ 35. ಉತ್ತರ 11 ಸಾವಿರ ಸಲೂನ್, ಹಳೆ ವಾರ್ಡಿಗೆ 55ರ ಹತ್ತಿರ.

"ಇದರಲ್ಲಿ ನಿಮಗೇ ನಂಬಿಕೆ ಕಡಿಮೆ ಇರೋ ನಂಬರ್ ಯಾವುದು?" ಅಂತ ಕೇಳಿದರು. ಆ 100 ಅಂದೆ. ಎರಡು ಕುರ್ಚಿ ಅಂಗಡಿಗಳೇ ಜಾಸ್ತಿ ಇದ್ದು ಅದು 70 ಆದರೆ ಉತ್ತರ 16 ಸಾವಿರ ಮುಟ್ಟುತ್ತೆ. ಜನಸಂಖ್ಯೆ ಹತ್ತು ಲಕ್ಷ ಆಚೀಚೆ ಆದರೆ ಅಷ್ಟೆಲ್ಲ ಅಲ್ಲಾಡಲ್ಲ. ಹಾಗಾಗಿ ಸಮಯ ಸಿಕ್ಕರೆ ಮೊದಲು ನಾಲ್ಕು ಸಲೂನಿಗೆ ಹೋಗಿ ಕುರ್ಚಿ ಎಣಿಸುತ್ತೇನೆ ಅಂದೆ. ಅವರು ಪೆನ್ ಕೆಳಗಿಟ್ಟು, ಕೆಲಸಕ್ಕೆ ಯಾವಾಗ ಸೇರಬಹುದು ಅಂತ ಕೇಳಿದರು.