ಪ್ರಶ್ನಾವಳಿ ಹೇಗೆ ತಯಾರಾಯಿತು? ಒಂದೇ ಪ್ಯಾರಾದಲ್ಲಿ ಬರೆಯುವ ಬಗೆ

‘ಪ್ರಶ್ನಾವಳಿಯನ್ನು ತಜ್ಞರಿಂದ ಪರಿಶೀಲಿಸಿ, ಪೂರ್ವ ಪರೀಕ್ಷೆ ನಡೆಸಲಾಯಿತು. ಅದರ ವಿಶ್ವಾಸಾರ್ಹತೆ 0.78.’ ಪ್ರಬಂಧಗಳ ವಿಧಾನ ಅಧ್ಯಾಯದಲ್ಲಿ ಹೆಚ್ಚಾಗಿ ಇಷ್ಟೇ ಇರುತ್ತದೆ. ಓದಿದವರಿಗೆ ಏನು ಗೊತ್ತಾಯಿತು? ತಜ್ಞರು ಎಷ್ಟು ಮಂದಿ, ಅವರು ಏನು ತಿದ್ದಿಸಿದರು, ಪೂರ್ವ ಪರೀಕ್ಷೆ ಯಾರ ಮೇಲೆ ನಡೆಯಿತು, 0.78 ಯಾವ ಪ್ರಶ್ನೆಗಳದ್ದು, ಒಂದೂ ಗೊತ್ತಾಗಲಿಲ್ಲ. ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರು ಮೊದಲು ಕೈ ಹಾಕುವುದೂ ಇಲ್ಲಿಗೇ.

ಇದನ್ನು ಸರಿಯಾಗಿ ಬರೆಯಲು ಪುಟಗಟ್ಟಲೆ ಬೇಡ. ಹತ್ತು ವಾಕ್ಯ ಸಾಕು. ಆದರೆ ಆ ವಾಕ್ಯಗಳಿಗೆ ಬೇಕಾದ ಲೆಕ್ಕವನ್ನು ಕೆಲಸ ಶುರುವಾದ ದಿನದಿಂದಲೇ ಬರೆದಿಡಬೇಕು. ಕಾಸರಗೋಡಿನದ್ದೇ ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ಅಧ್ಯಯನ ಕಾಲ್ಪನಿಕ, ಅದರ ಅಂಕಿಗಳೂ ಹಾಗೆಯೇ. ವಿಧಾನ ಮಾತ್ರ ನಿಜವಾಗಿ ಬಳಕೆಯಲ್ಲಿರುವುದು.

ಸಮಾಜಕಾರ್ಯ ಓದುವ ಒಬ್ಬ ವಿದ್ಯಾರ್ಥಿನಿ. ಅಡಿಕೆ ತೋಟದಲ್ಲಿ ಕೊಳೆರೋಗಕ್ಕೆ ಮದ್ದು ಬಿಡುವವರ ಸುರಕ್ಷತೆಯೇ ಅವಳ ವಿಷಯ. ಮದ್ದು ಎಂದರೆ ಬೋರ್ಡೋ ದ್ರಾವಣ: ಮೈಲುತುತ್ತು 1 ಕಿಲೋ, ಸುಣ್ಣ 1 ಕಿಲೋ, ನೀರು 100 ಲೀಟರ್. ಪ್ರಶ್ನಾವಳಿಯಲ್ಲಿ ಎರಡು ಭಾಗ. ಮೊದಲನೆಯದು ತಿಳಿವಳಿಕೆ, ಉತ್ತರ ಸರಿ ಅಥವಾ ತಪ್ಪು. ಎರಡನೆಯದು ಅಭ್ಯಾಸ, ‘ಯಾವತ್ತೂ ಇಲ್ಲ’ಕ್ಕೆ 1, ‘ಯಾವಾಗಲೂ’ಗೆ 5.

ಮೊದಲ ಹಂತ: ಪ್ರಶ್ನೆ ಎಲ್ಲಿಂದ ಬಂತು, ಎಷ್ಟು ಉಳಿಯಿತು

ಒಂದು ನೋಟ್‌ಬುಕ್ಕಿನಲ್ಲಿ ಪ್ರಶ್ನೆಗಳ ಸಂಖ್ಯೆಯನ್ನು ಹಂತ ಹಂತವಾಗಿ ಬರೆಯುತ್ತಾ ಹೋಗಿ. ಇಡೀ ಪ್ಯಾರಾಕ್ಕೆ ಬೆನ್ನೆಲುಬು ಇದೇ. ಈ ವಿದ್ಯಾರ್ಥಿನಿ ಹಿಂದಿನ ಅಧ್ಯಯನಗಳನ್ನು ಓದಿದಳು, ಮದ್ದು ಬಿಡುವ 8 ಮಂದಿಯ ಜೊತೆ ಮಾತಾಡಿದಳು. ಹಾಗೆ 22 ಪ್ರಶ್ನೆ ಬರೆದಳು: ತಿಳಿವಳಿಕೆಗೆ 11, ಅಭ್ಯಾಸಕ್ಕೆ 11.

ಆಮೇಲೆ 6 ಪರಿಶೀಲಕರು. ಒಬ್ಬರು ಸಸ್ಯರೋಗ ವಿಜ್ಞಾನಿ, ಒಬ್ಬರು ಕೃಷಿ ಅಧಿಕಾರಿ, ಇಬ್ಬರು ವೈದ್ಯರು, ಒಬ್ಬರು ಸಂಖ್ಯಾಶಾಸ್ತ್ರದ ಅಧ್ಯಾಪಕರು, ಒಬ್ಬರು ಅನುಭವಿ ಕೃಷಿಕರು. ಪ್ರತಿ ಪ್ರಶ್ನೆಯೂ ವಿಷಯಕ್ಕೆ ಎಷ್ಟು ಹೊಂದುತ್ತದೆ ಎಂದು ಅವರು 1ರಿಂದ 4ರವರೆಗೆ ಅಂಕ ಕೊಟ್ಟರು. 3 ಅಥವಾ 4 ಕೊಟ್ಟವರ ಪಾಲು ಆ ಪ್ರಶ್ನೆಯ ವಿಷಯ ಸಿಂಧುತ್ವ ಸೂಚ್ಯಂಕ. 6ರಲ್ಲಿ 5 ಮಂದಿ ಒಪ್ಪಿದರೆ 0.83, 4 ಮಂದಿ ಒಪ್ಪಿದರೆ 0.67. ಆರು ಅಥವಾ ಹೆಚ್ಚು ಪರಿಶೀಲಕರು ಇದ್ದಾಗ 0.78ಕ್ಕಿಂತ ಕಡಿಮೆ ಬಂದದ್ದನ್ನು ಬಿಡುವುದು ರೂಢಿ. ಐವರು ಅಥವಾ ಕಡಿಮೆ ಇದ್ದರೆ ಎಲ್ಲರೂ ಒಪ್ಪಬೇಕು. ಹೀಗೆ 4 ಪ್ರಶ್ನೆ ಹೋಯಿತು, 18 ಉಳಿಯಿತು. ‘ತಜ್ಞರಿಂದ ಪರಿಶೀಲಿಸಲಾಯಿತು’ ಎಂದು ಸುಮ್ನೆ ಬರೆಯುವ ಬದಲು ಎಷ್ಟು ಮಂದಿ, ಯಾವ ಕ್ಷೇತ್ರದವರು, ಯಾವ ಮಿತಿ, ಎಷ್ಟು ಪ್ರಶ್ನೆ ಹೋಯಿತು ಎಂದು ಹೇಳಿದರೆ ಒಂದೇ ವಾಕ್ಯದಲ್ಲಿ ಮುಗಿಯುತ್ತದೆ.

ಎರಡನೆಯ ಹಂತ: ಉತ್ತರಿಸುವವರ ಬಾಯಿಂದಲೇ ಕೇಳುವುದು

ಹೆಚ್ಚಿನವರು ಇದನ್ನು ಹಾರಿಸಿ ನೇರ ಪೂರ್ವ ಪರೀಕ್ಷೆಗೆ ಹೋಗುತ್ತಾರೆ. ನನ್ನ ಅಭಿಪ್ರಾಯ ಕೇಳಿದರೆ ಎಲ್ಲಕ್ಕಿಂತ ಜಾಸ್ತಿ ಲಾಭ ಇರುವ ಹಂತ ಇದು. ಐದಾರು ಮಂದಿಯನ್ನು ಒಬ್ಬೊಬ್ಬರಾಗಿ ಕೂರಿಸಿ ಪ್ರಶ್ನೆ ಓದಿ ಹೇಳುವುದು. ಉತ್ತರ ಬಂದ ಮೇಲೆ ‘ಈ ಪ್ರಶ್ನೆ ನಿಮಗೆ ಹೇಗೆ ಅರ್ಥ ಆಯಿತು? ಉತ್ತರ ಹೇಗೆ ಹೇಳಿದಿರಿ?’ ಎಂದು ಕೇಳುವುದು.

ವಿದ್ಯಾರ್ಥಿನಿಯ ಪಟ್ಟಿಯಲ್ಲಿ ಈ ಪ್ರಶ್ನೆ ಇತ್ತು: ‘ಕಳೆದ ಒಂದು ತಿಂಗಳಲ್ಲಿ ಮದ್ದು ಬಿಡುವಾಗ ಕನ್ನಡಕ ಮತ್ತು ಕೈಗವಸು ಎಷ್ಟು ಸಲ ಹಾಕಿದ್ದೀರಿ?’ ಅವಳು ಹೋದದ್ದು ಜನವರಿಯಲ್ಲಿ. ಮದ್ದು ಬಿಡುವುದು ಮಳೆ ಹಿಡಿಯುವ ಮೊದಲು ಒಮ್ಮೆ, ಮತ್ತೆ 40–45 ದಿನಕ್ಕೆ ಇನ್ನೊಮ್ಮೆ. ‘ಈಗ ಯಾರು ಮದ್ದು ಬಿಡ್ತಾರೆ ಅಕ್ಕಾ?’ ಎಂದು ಒಬ್ಬರು ಕೇಳಿದರು. ಇನ್ನೊಬ್ಬರು ‘ಯಾವತ್ತೂ ಇಲ್ಲ’ ಎಂದು ಗುರುತು ಹಾಕಿಸಿದರು. ಅವರು ಕನ್ನಡಕ ಹಾಕದವರಲ್ಲ, ಆ ತಿಂಗಳು ಮರವನ್ನೇ ಹತ್ತದವರು. ಮೂರನೆಯವರು ಕೈಗವಸು ಹಾಕುತ್ತಾರೆ, ಕನ್ನಡಕ ಇಲ್ಲ. ಅವರಿಗೆ ಯಾವ ಉತ್ತರಕ್ಕೂ ಕೈ ಹೋಗಲಿಲ್ಲ.

ತಜ್ಞರ ಆರು ಜೊತೆ ಕಣ್ಣಿಗೆ ಕಾಣದ ಎರಡು ತಪ್ಪು ಇಲ್ಲಿ ಹತ್ತು ನಿಮಿಷದಲ್ಲಿ ಸಿಕ್ಕಿತು. ಅವಧಿ ‘ಕಳೆದ ಮಳೆಗಾಲ’ ಎಂದಾಯಿತು. ಪ್ರಶ್ನೆ ಒಡೆದು ಎರಡಾಯಿತು. 18 ಇದ್ದದ್ದು 19: ತಿಳಿವಳಿಕೆಗೆ 9, ಅಭ್ಯಾಸಕ್ಕೆ 10.

ನಮ್ಮ ಜಿಲ್ಲೆಯಲ್ಲಿ ಇನ್ನೂ ಒಂದು ಕೆಲಸ ಇದೆ. ಪ್ರಶ್ನೆ ಕನ್ನಡದಲ್ಲೂ ಮಲಯಾಳದಲ್ಲೂ ಬೇಕು. ಕನ್ನಡದ್ದನ್ನು ಒಬ್ಬರು ಮಲಯಾಳಕ್ಕೆ ತಂದರು. ಮೂಲ ನೋಡದ ಇನ್ನೊಬ್ಬರು ಅದನ್ನು ಮತ್ತೆ ಕನ್ನಡಕ್ಕೆ ತಂದರು. ಎರಡನ್ನೂ ಪಕ್ಕಪಕ್ಕ ಇಟ್ಟು ವ್ಯತ್ಯಾಸ ತಿದ್ದಿದರು. ಕೇಳಿ ತಿಳಿದ 6 ಮಂದಿಯಲ್ಲೂ ಮೂವರು ಕನ್ನಡದಲ್ಲಿ, ಮೂವರು ಮಲಯಾಳದಲ್ಲಿ ಉತ್ತರಿಸಿದವರು.

ಮೂರನೆಯ ಹಂತ: ಪೂರ್ವ ಪರೀಕ್ಷೆ

ಮುಖ್ಯ ಅಧ್ಯಯನ ನಡೆಯದ ಪಕ್ಕದ ಪಂಚಾಯತಿನಲ್ಲಿ 40 ಮಂದಿ, ಕನ್ನಡದಲ್ಲಿ 22, ಮಲಯಾಳದಲ್ಲಿ 18. ಇವರ ಉತ್ತರಗಳನ್ನು ಮುಖ್ಯ ಅಧ್ಯಯನಕ್ಕೆ ಸೇರಿಸಿಲ್ಲ ಎಂದು ಸ್ಪಷ್ಟವಾಗಿ ಬರೆಯಿರಿ. ಪೂರ್ವ ಪರೀಕ್ಷೆಯ ನಂತರ ಪ್ರಶ್ನೆ ಬದಲಾಗಿದ್ದರೆ ಹಳೆಯ ಉತ್ತರಗಳನ್ನು ಹೊಸದರ ಜೊತೆ ಬೆರೆಸಲು ಬರುವುದಿಲ್ಲ.

ಇಲ್ಲಿ ನೋಡಬೇಕಾದದ್ದು ಉತ್ತರ ಹೇಗೆ ಹಂಚಿದೆ ಎಂಬುದು. ‘ಮದ್ದು ಕಣ್ಣಿಗೆ ಬಿದ್ದರೆ ತೊಂದರೆಯೇ?’ ಎಂಬ ಪ್ರಶ್ನೆಗೆ 40ರಲ್ಲಿ 39 ಮಂದಿ ಹೌದು ಎಂದರು. ಎಲ್ಲರೂ ಒಂದೇ ಉತ್ತರ ಕೊಡುವ ಪ್ರಶ್ನೆ ತಿಳಿದವರನ್ನೂ ತಿಳಿಯದವರನ್ನೂ ಬೇರೆ ಮಾಡುವುದಿಲ್ಲ. ಅದನ್ನು ಬಿಟ್ಟಳು. ಕೊನೆಗೆ 18: ತಿಳಿವಳಿಕೆಗೆ 8, ಅಭ್ಯಾಸಕ್ಕೆ 10.

ಎಂಡೋಸಲ್ಫಾನ್‌ನ ನೋವು ಉಂಡ ಜಿಲ್ಲೆ ಇದು. ಇಲ್ಲಿ ಮದ್ದಿನ ಬಗ್ಗೆ ಕೇಳಿದರೆ ಜನ ಯೋಚಿಸಿಯೇ ಮಾತಾಡುತ್ತಾರೆ. ಅಭ್ಯಾಸವನ್ನು ಇದ್ದದ್ದಕ್ಕಿಂತ ಚೆನ್ನಾಗಿ ಹೇಳುವ ಸಾಧ್ಯತೆಯೂ ಇದೆ. ಯಾವ ವಿಶ್ವಾಸಾರ್ಹತೆಯ ಅಂಕಿಯೂ ಅದನ್ನು ಹಿಡಿಯಲಾರದು. ಮಿತಿಗಳ ಭಾಗದಲ್ಲಿ ಇದನ್ನು ಬರೆಯಲೇಬೇಕು.

ನಾಲ್ಕನೆಯ ಹಂತ: ಯಾವ ಭಾಗಕ್ಕೆ ಯಾವ ಲೆಕ್ಕ

ಇಡೀ ಪ್ರಶ್ನಾವಳಿಗೆ ಒಂದೇ ಕ್ರಾನ್‌ಬಾಕ್ ಆಲ್ಫಾ ಕೊಡುವುದು ತಪ್ಪು. ಒಂದೇ ವಿಷಯವನ್ನು ಅಳೆಯುವ ಪ್ರಶ್ನೆಗಳು ಒಂದಕ್ಕೊಂದು ಎಷ್ಟು ಹೊಂದಿಕೊಂಡಿವೆ ಎಂದು ಹೇಳುವ ಲೆಕ್ಕ ಅದು. ವಯಸ್ಸು, ವಿದ್ಯಾಭ್ಯಾಸ, ತೋಟದ ವಿಸ್ತಾರ ಅದರೊಳಗೆ ಬರುವುದಿಲ್ಲ. ತಿಳಿವಳಿಕೆಯನ್ನೂ ಅಭ್ಯಾಸವನ್ನೂ ಬೆರೆಸುವಂತಿಲ್ಲ. ಪ್ರಶ್ನೆ ಜಾಸ್ತಿಯಾದರೆ ಆಲ್ಫಾ ತಾನಾಗಿಯೇ ಏರುತ್ತದೆ. 24 ಪ್ರಶ್ನೆಗಳ ನಡುವೆ ಸರಾಸರಿ ಸಹಸಂಬಂಧ ಬರೀ 0.1 ಇದ್ದರೂ ಅದು 0.73ರ ಹತ್ತಿರ ಬರುತ್ತದೆ. ಹಾಗಾಗಿ ಅಂಕಿಯ ಜೊತೆ ಪ್ರಶ್ನೆಗಳ ಸಂಖ್ಯೆಯೂ ಇರಬೇಕು.

ಅಭ್ಯಾಸದ 10 ಪ್ರಶ್ನೆಗೆ ಅವಳಿಗೆ ಮೊದಲು ಸಿಕ್ಕ ಆಲ್ಫಾ 0.65. ಪ್ರತಿ ಪ್ರಶ್ನೆ ಉಳಿದವುಗಳ ಮೊತ್ತದ ಜೊತೆ ಎಷ್ಟು ಹೊಂದುತ್ತದೆ ಎಂದು ತೋರಿಸುವ ಎಸ್‌ಪಿಎಸ್‌ಎಸ್‌ನ `Corrected Item-Total Correlation` ಕಾಲಂ ನೋಡಿದಾಗ ಒಂದು ಪ್ರಶ್ನೆಗೆ ಮಾತ್ರ ಮೈನಸ್ ಬಂದಿತ್ತು: ‘ಮದ್ದು ಬಿಡುವ ನಡುವೆ ಕೈ ತೊಳೆಯದೆ ವೀಳ್ಯ ಹಾಕುತ್ತೀರಾ?’ ಇದಕ್ಕೆ ‘ಯಾವಾಗಲೂ’ ಎಂಬುದು ಕೆಟ್ಟ ಅಭ್ಯಾಸ, ಉಳಿದ ಒಂಬತ್ತಕ್ಕೆ ಒಳ್ಳೆಯ ಅಭ್ಯಾಸ. ಅಂಕ ತಿರುಗಿಸುವುದು ಬಾಕಿ ಇತ್ತು. 6ರಿಂದ ಕಳೆದರೆ ಆಯಿತು, 5 ಇದ್ದದ್ದು 1 ಆಗುತ್ತದೆ. ಆಮೇಲೆ ಆಲ್ಫಾ 0.78. ಮೈನಸ್ ಕಂಡ ಕೂಡಲೇ ಪ್ರಶ್ನೆಯನ್ನು ಕಿತ್ತು ಹಾಕಿದ್ದರೆ ಒಂದು ಒಳ್ಳೆಯ ಪ್ರಶ್ನೆ ಹೋಗುತ್ತಿತ್ತು ಅಲ್ವಾ?

40 ಮಂದಿಯಿಂದ ಬಂದ 0.78 ಗಟ್ಟಿ ಅಂಕಿಯೂ ಅಲ್ಲ. ಅದರ 95% ವಿಶ್ವಾಸ ವ್ಯಾಪ್ತಿ ಸುಮಾರು 0.66ರಿಂದ 0.87. ವ್ಯಾಪ್ತಿ ಬರೆದರೆ ಅಂಕಿ ದುರ್ಬಲವಾಗಿ ಕಾಣುತ್ತದೆ ಎಂದು ಹೆದರುವವರಿದ್ದಾರೆ. ಓದುವವರಿಗೆ ನಂಬಿಕೆ ಬರುವುದು ಅದರಿಂದಲೇ.

ತಿಳಿವಳಿಕೆಯ ಉತ್ತರ ಸರಿ–ತಪ್ಪು ಆದ್ದರಿಂದ ಅಲ್ಲಿ ಕೂಡರ್–ರಿಚರ್ಡ್‌ಸನ್ 20, ಅಂದರೆ ಕೆಆರ್–20. ಇದು ಆಲ್ಫಾದ್ದೇ ಒಂದು ರೂಪ. ಇನ್ನು ಅದೇ ವ್ಯಕ್ತಿ ಎರಡು ವಾರ ಬಿಟ್ಟು ಹಾಗೆಯೇ ಉತ್ತರಿಸುತ್ತಾರಾ ಎಂದು ನೋಡಲು 20 ಮಂದಿಯನ್ನು ಮತ್ತೆ ಕೇಳಿದಳು. ಇದಕ್ಕೆ ಸಾಮಾನ್ಯ ಸಹಸಂಬಂಧ ಸಾಲದು. ಎರಡನೆಯ ಸಲ ಎಲ್ಲರ ಅಂಕವೂ 3 ಏರಿದ್ದರೂ ಸಹಸಂಬಂಧ 1 ಎಂದೇ ತೋರಿಸುತ್ತದೆ. ಆ ಏರಿಕೆಯನ್ನೂ ಗಮನಿಸುವ ಐಸಿಸಿಯನ್ನು, ಅಂದರೆ ಅಂತರ್‌ವರ್ಗ ಸಹಸಂಬಂಧ ಗುಣಾಂಕವನ್ನು, ಸಂಪೂರ್ಣ ಹೊಂದಾಣಿಕೆಯ ಮಾದರಿಯಲ್ಲಿ ಲೆಕ್ಕ ಹಾಕಬೇಕು, ಯಾವ ಮಾದರಿ ಎಂದು ಬರೆಯಬೇಕು.

ಈಗ ಪ್ಯಾರಾ

‘ಹಿಂದಿನ ಅಧ್ಯಯನಗಳು ಮತ್ತು ಮದ್ದು ಬಿಡುವ 8 ಮಂದಿಯ ಸಂದರ್ಶನದ ಆಧಾರದಲ್ಲಿ 22 ಪ್ರಶ್ನೆಗಳನ್ನು ಕನ್ನಡದಲ್ಲಿ ರಚಿಸಲಾಯಿತು. ಸಸ್ಯರೋಗ, ಕೃಷಿ, ವೈದ್ಯಕೀಯ ಮತ್ತು ಸಂಖ್ಯಾಶಾಸ್ತ್ರ ಕ್ಷೇತ್ರದ 5 ಮಂದಿ ಹಾಗೂ ಒಬ್ಬ ಕೃಷಿಕರು ಅವುಗಳನ್ನು ಪರಿಶೀಲಿಸಿದರು; ವಿಷಯ ಸಿಂಧುತ್ವ ಸೂಚ್ಯಂಕ 0.78ಕ್ಕಿಂತ ಕಡಿಮೆ ಇದ್ದ 4 ಪ್ರಶ್ನೆಗಳನ್ನು ಕೈಬಿಡಲಾಯಿತು. ಪ್ರಶ್ನಾವಳಿಯನ್ನು ಮಲಯಾಳಕ್ಕೆ ಅನುವಾದಿಸಿ, ಮೂಲ ನೋಡದ ಇನ್ನೊಬ್ಬರ ಮರು ಅನುವಾದದೊಂದಿಗೆ ಹೋಲಿಸಿ ತಿದ್ದಲಾಯಿತು. 6 ಮಂದಿಯ ಅರ್ಥಗ್ರಹಣ ಸಂದರ್ಶನದ ನಂತರ ನೆನಪಿನ ಅವಧಿಯನ್ನು ‘ಕಳೆದ ಮಳೆಗಾಲ’ ಎಂದು ಬದಲಿಸಿ, ಎರಡು ವಿಷಯ ಬೆರೆತಿದ್ದ ಒಂದು ಪ್ರಶ್ನೆಯನ್ನು ಎರಡಾಗಿ ಮಾಡಲಾಯಿತು. ಪಕ್ಕದ ಪಂಚಾಯತಿನ 40 ಮಂದಿಯಲ್ಲಿ (ಕನ್ನಡ 22, ಮಲಯಾಳ 18) ಪೂರ್ವ ಪರೀಕ್ಷೆ ನಡೆಸಿ, 39 ಮಂದಿ ಸರಿಯುತ್ತರ ಕೊಟ್ಟ ಒಂದು ಪ್ರಶ್ನೆಯನ್ನು ತೆಗೆಯಲಾಯಿತು. ಇವರನ್ನು ಮುಖ್ಯ ಅಧ್ಯಯನಕ್ಕೆ ಸೇರಿಸಿಲ್ಲ. ಅಂತಿಮ ಪ್ರಶ್ನಾವಳಿಯ ತಿಳಿವಳಿಕೆ ಭಾಗದ (8 ಪ್ರಶ್ನೆ) ಕೆಆರ್–20 0.71 (95% ವ್ಯಾಪ್ತಿ 0.55–0.83), ಅಭ್ಯಾಸ ಭಾಗದ (10 ಪ್ರಶ್ನೆ, ಒಂದರ ಅಂಕ ತಿರುಗಿಸಿದ್ದು) ಆಲ್ಫಾ 0.78 (0.66–0.87). ಎರಡು ವಾರದ ನಂತರ 20 ಮಂದಿಯಲ್ಲಿ ಅಭ್ಯಾಸದ ಅಂಕದ ಐಸಿಸಿ (ಸಂಪೂರ್ಣ ಹೊಂದಾಣಿಕೆ) 0.81 (0.58–0.92). ಭಾಷಾವಾರು ಲೆಕ್ಕಕ್ಕೆ ಈ ಸಂಖ್ಯೆ ಸಾಲದು. ಅಂಶ ವಿಶ್ಲೇಷಣೆ ನಡೆಸಿಲ್ಲ.’

ಇಲ್ಲಿ ‘ದೃಢೀಕೃತ ಪ್ರಶ್ನಾವಳಿ’ ಎಂಬ ಮಾತೇ ಇಲ್ಲ. ಮಾಡಿದ್ದು ವಿಷಯದ ಪರಿಶೀಲನೆ ಮತ್ತು ವಿಶ್ವಾಸಾರ್ಹತೆಯ ಲೆಕ್ಕ, ಅಷ್ಟನ್ನೇ ಹೇಳಿದೆ. ಪ್ರಬಂಧ ಇಂಗ್ಲಿಷ್‌ನಲ್ಲಿದ್ದರೂ ವಾಕ್ಯಗಳ ಕ್ರಮ ಹೀಗೆಯೇ ಇರಲಿ. ಮುಖ್ಯ ಅಧ್ಯಯನ ಮುಗಿದ ಮೇಲೆ ಆ ಉತ್ತರಗಳ ಮೇಲೆ ಆಲ್ಫಾವನ್ನೂ ಕೆಆರ್–20ನ್ನೂ ಮತ್ತೆ ಲೆಕ್ಕ ಹಾಕಿ, ಈ ಸಲ ಎರಡು ಭಾಷೆಗೂ ಬೇರೆ ಬೇರೆಯಾಗಿ, ಫಲಿತಾಂಶದ ಭಾಗದಲ್ಲಿ ಕೊಡಿ. ಎರಡೂ ಭಾಷೆಯ ಅಂತಿಮ ಪ್ರಶ್ನಾವಳಿಯನ್ನು ಅನುಬಂಧಕ್ಕೆ ಸೇರಿಸಿ, ಕೈಬಿಟ್ಟ ಐದು ಪ್ರಶ್ನೆಗಳನ್ನೂ ಕಾರಣದ ಜೊತೆ ಅಲ್ಲೇ ಕೆಳಗೆ ಬರೆಯಿರಿ.