ಅಪ್ಪನ ಹೆಲ್ತ್ ಪಾಲಿಸಿ: ಕ್ಲೇಮ್ ದುಡ್ಡು ಯಾರ ಖಾತೆಗೆ?

ದುಬೈನಲ್ಲಿರುವ ತಮ್ಮನಿಗೆ ಕಳಿಸಿದ ಇಮೇಲ್ ಇದು. ನಿಮಗೂ ಬೇಕಾಗಬಹುದು.

ಪುಟ್ಟ, ಅಪ್ಪನ ಪಾಲಿಸಿಯಲ್ಲಿ ಪ್ರಪೋಸರ್, ಅಂದರೆ ಪಾಲಿಸಿ ಮಾಡಿಸಿದವನು, ನೀನು. ಪ್ರೀಮಿಯಂ ನಿನ್ನ ಎನ್‌ಆರ್‌ಒ ಖಾತೆಯಿಂದ, ಅಂದರೆ ವಿದೇಶದಲ್ಲಿರುವವರು ಇಲ್ಲಿ ಇಟ್ಟುಕೊಳ್ಳುವ ಖಾತೆಯಿಂದ, ಕೊನೇ ದಿನಕ್ಕಿಂತ ಹತ್ತು ದಿನ ಮೊದಲೇ ಕಟ್ಟಿಬಿಡು. ವರ್ಷಕ್ಕೊಮ್ಮೆ ಕಟ್ಟುವವರಿಗೆ 30 ದಿನ ಗ್ರೇಸ್ ಇದೆ ನಿಜ. ಆದರೆ ಕಟ್ಟದೆ ಬಿಟ್ಟ ಆ ದಿನಗಳಲ್ಲಿ ಅಡ್ಮಿಟ್ ಆದರೆ ಕ್ಲೇಮ್ ಸಿಗಲ್ಲ.

ಮೈಸೂರಿನ ನೆಟ್‌ವರ್ಕ್ ಆಸ್ಪತ್ರೆಯಾದರೆ ಕ್ಯಾಶ್‌ಲೆಸ್, ಅಂದರೆ ಬಿಲ್ ವಿಮಾ ಕಂಪನಿಯೇ ನೇರವಾಗಿ ಕಟ್ಟುತ್ತದೆ, ಅದನ್ನು ನಾನು ನೋಡಿಕೊಳ್ಳುತ್ತೇನೆ. ಮಂಡ್ಯದ ನಮ್ಮ ಮನೆ ಪಕ್ಕದ ನರ್ಸಿಂಗ್ ಹೋಮ್ ಕಂಪನಿಯ ಆ ಪಟ್ಟಿಯಲ್ಲಿಲ್ಲ. ಅಲ್ಲಿ ಬಿಲ್ ನಾನು ಕಟ್ಟಿದರೂ ದುಡ್ಡು ಬರುವುದು ನಿನ್ನ ಖಾತೆಗೇ. ಹೋದ ಸಲ ನನ್ನ ಚೆಕ್ ಇಟ್ಟಿದ್ದಕ್ಕೆ ಫೈಲ್ ವಾಪಸ್ ಬಂತು, ಅಲ್ವಾ? ನಿನ್ನ ಹೆಸರು ಅಚ್ಚಾಗಿರುವ ಎನ್‌ಆರ್‌ಒ ಖಾತೆಯ ಕ್ಯಾನ್ಸಲ್ ಮಾಡಿದ ಚೆಕ್ ಒಂದೆರಡು ಈಗಲೇ ಕಳಿಸು. ಡಿಸ್ಚಾರ್ಜ್ ಸಮ್ಮರಿ, ಒರಿಜಿನಲ್ ಬಿಲ್ಲು, ರಸೀದಿ ನಾನು ಜೆರಾಕ್ಸ್ ಇಟ್ಟುಕೊಂಡು ಜೋಡಿಸುತ್ತೇನೆ.